ಸಣ್ಣಕಥೆಗಾಗಿ ಒಂದು ಪ್ರಶ್ನೆ: ಮಾತು ನಿಲ್ಲಿಸಿದ ಬ್ಯಾಕಪ್ ಡಿಸ್ಕಿನಿಂದ ಎಷ್ಟು ಮರಳಿ ಬರುತ್ತದೆ?

ವಸುಧಾ, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ನಾನು ಬರೆಯುತ್ತಿರುವ ಸಣ್ಣಕಥೆಯೊಂದು ಮಧ್ಯದಲ್ಲಿ ನಿಂತುಹೋಗಿದೆ. ಅದು ಭಾಷೆಯ ತೊಡಕಿನಿಂದಲ್ಲ, ವಿಷಯದ ತಿಳಿವಳಿಕೆ ಸಾಲದೆ ನಿಂತಿದೆ. ಆದ್ದರಿಂದ ಬಲ್ಲವರ ನೆರವು ಕೋರುತ್ತಿದ್ದೇನೆ.

ಕಥೆಯ ಮುರಳಿ ಬಸವನಗುಡಿಯಲ್ಲಿ ಬೆಳೆದವನು, ಈಗ ಮ್ಯೂನಿಕ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ತಾಯಿ ತೀರಿಕೊಂಡಿದ್ದಾರೆ, ತಂದೆ ಮತ್ತು ಅಕ್ಕ ಇಲ್ಲಿಯೇ ಇದ್ದಾರೆ. 2014ರಿಂದ ಮನೆಯವರು ಫೋನಿನಲ್ಲಿ ತೆಗೆದ ವಿಡಿಯೊಗಳೆಲ್ಲ ಅವನ ಬಳಿಯಿರುವ 2 ಟಿಬಿಯ ಸಣ್ಣ ಪೋರ್ಟಬಲ್ ಡಿಸ್ಕಿನಲ್ಲಿ ಮಾತ್ರ ಇವೆ. ತಾಯಿ ಒಬ್ಬಟ್ಟಿನ ಕಣಕ ನಾದುತ್ತ ಮಾತನಾಡುವ ತುಣುಕುಗಳು, ಅಕ್ಕನ ಸೀಮಂತ, ತಂದೆಯ ಷಷ್ಟಿಪೂರ್ತಿಯ ಅರ್ಧ ಗಂಟೆಯ ಚಿತ್ರೀಕರಣ, ಹೀಗೆ. ತಾಯಿಯ ವರ್ಷಾಬ್ದಿಕದ ಹಿಂದಿನ ಶನಿವಾರ ರಾತ್ರಿ ಅವನು ಡಿಸ್ಕನ್ನು ಲ್ಯಾಪ್‌ಟಾಪಿಗೆ ಜೋಡಿಸುತ್ತಾನೆ. ದೀಪ ಮಿನುಗುತ್ತದೆ, ಆದರೆ ಪರದೆಯ ಮೇಲೆ ಏನೂ ಕಾಣುವುದಿಲ್ಲ.

ಮೊದಲ ಕರಡಿನಲ್ಲಿ ಡಿಸ್ಕು ಟಕಟಕ ಸದ್ದು ಮಾಡಿ ಒಮ್ಮೆಲೇ ಸಾಯುತ್ತದೆ, ಎಲ್ಲವೂ ಕಳೆದುಹೋಗುತ್ತದೆ. ಅದನ್ನು ಮತ್ತೆ ಓದಿದಾಗ ಆ ಸಾವು ನನ್ನ ಅನುಕೂಲಕ್ಕಾಗಿ ನಾನೇ ತಂದದ್ದು ಎನ್ನಿಸಿತು. ಇಂಥ ಹೊತ್ತಿನಲ್ಲಿ ಎಂಜಿನಿಯರ್ ಒಬ್ಬ ನಿಜವಾಗಿ ಏನನ್ನು ನೋಡುತ್ತಾನೆ, ಯಾವ ಕ್ರಮದಲ್ಲಿ ಏನು ಮಾಡುತ್ತಾನೆ, ಕೊನೆಗೆ ಅವನ ಕೈಯಲ್ಲಿ ಏನು ಉಳಿಯುತ್ತದೆ?

ನಾಗರಾಜರಾವ್, ರಾಜಾಜಿನಗರ

ಅಮ್ಮಾ ವಸುಧಾ, ನಿಮ್ಮ ಮನೆಯ ವಿಡಿಯೊಗಳು ಹೋದವೆಂದು ಓದಿ ಬಹಳ ಸಂಕಟವಾಯಿತು. ನಿಮ್ಮ ತಮ್ಮನಿಗೆ ಧೈರ್ಯ ಹೇಳಿ. ನಮ್ಮ ಮನೆಯಲ್ಲೂ ಇದೇ ಆಗಿತ್ತು. ಮಗ ಅಮೆರಿಕದಲ್ಲಿದ್ದಾನೆ, ಅವನು ಬಂದಾಗ ತುಂಬಿಸಿಕೊಟ್ಟ ಡಿಸ್ಕನ್ನು ಟಿವಿಯ ಹಿಂದಿನ ಕಿಂಡಿಗೆ ಹಾಕಿದರೆ ಕುಯ್ಯೆಂಬ ಸದ್ದು ಬಂದು ನಿಲ್ಲುತ್ತಿತ್ತು, ಮತ್ತೆ ಅದೇ ಸದ್ದು, ಮತ್ತೆ ನಿಲ್ಲುತ್ತಿತ್ತು. ಡಿಸ್ಕು ಹಾಳಾಯಿತೆಂದು ಎತ್ತಿಟ್ಟುಬಿಟ್ಟಿದ್ದೆವು. ಪಕ್ಕದ ಮನೆಯ ಹುಡುಗ ಬಂದು, ಉದ್ದನೆಯ ಕೇಬಲ್ ಬಿಟ್ಟು ಗಿಡ್ಡ ಕೇಬಲ್ ಹಾಕಿ ನೇರವಾಗಿ ಕಂಪ್ಯೂಟರಿಗೆ ಜೋಡಿಸಿದ ಕೂಡಲೇ ತೆರೆದುಕೊಂಡಿತು. ನೀವೂ ಮೊದಲು ಕೇಬಲ್ ಬದಲಿಸಿ ನೋಡಿ, ತಾಯಿ.

ವಸುಧಾ, ಬಸವನಗುಡಿ

ರಾಯರೇ, ನಿಮ್ಮ ಅಂತಃಕರಣಕ್ಕೆ ನಮಸ್ಕಾರ. ಇದು ನಮ್ಮ ಮನೆಯಲ್ಲಿ ನಡೆದದ್ದಲ್ಲ, ಕಥೆಯಲ್ಲಿ ನಡೆಯುವುದು. ಆದರೂ ನೀವು ಹೇಳಿದ ಸದ್ದನ್ನು ಟಿಪ್ಪಣಿ ಮಾಡಿಕೊಂಡಿದ್ದೇನೆ.

ರಾಘವೇಂದ್ರ, ವೈಟ್‌ಫೀಲ್ಡ್

ನಾನು ಸ್ಟೋರೇಜ್ ಕ್ಷೇತ್ರದಲ್ಲಿ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದೇನೆ. ರಾಯರು ಕಥೆಯನ್ನು ನಿಜವೆಂದುಕೊಂಡರೂ ಅವರು ಹೇಳಿದ್ದು ಸರಿಯಾದ ಮೊದಲ ಹೆಜ್ಜೆ. ಸಣ್ಣ ಡಿಸ್ಕುಗಳಿಗೆ ಪ್ರತ್ಯೇಕ ವಿದ್ಯುತ್ ಸಂಪರ್ಕ ಇರುವುದಿಲ್ಲ, ಯುಎಸ್‌ಬಿ ಕಿಂಡಿಯಿಂದ ಬರುವ ವಿದ್ಯುತ್ತಿನಲ್ಲೇ ಮೋಟಾರು ತಿರುಗಬೇಕು. ಹಳೆಯ ಯುಎಸ್‌ಬಿ 2 ಕಿಂಡಿಯ ನಿಯಮದ ಮಿತಿ 500 ಮಿಲಿಆಂಪಿಯರ್, ಯುಎಸ್‌ಬಿ 3ರದು 900. ತಿರುಗಲು ಆರಂಭಿಸುವ ಕ್ಷಣದಲ್ಲಿ ಡಿಸ್ಕು ಹೆಚ್ಚು ಕೇಳುತ್ತದೆ. ಕೇಬಲ್ ಉದ್ದವಾಗಿದ್ದರೆ ಅಥವಾ ನಡುವೆ ಹಬ್ ಇದ್ದರೆ ಅದು ಸಿಗದೆ ಮೋಟಾರು ಮತ್ತೆ ಮತ್ತೆ ಪ್ರಯತ್ನಿಸಿ ಸೋಲುತ್ತದೆ. ರಾಯರು ಕೇಳಿದ ಸದ್ದು ಅದೇ ಇರಬೇಕು. ಮುರಳಿಯೂ ಮೊದಲು ಹಬ್ ತೆಗೆದು ಬೇರೆ ಗಿಡ್ಡ ಕೇಬಲ್ ಹಾಕಿ ನೋಡಲಿ, ಅದರಿಂದ ಗುಣ ಕಾಣದಿರಲಿ.

ನಿಮ್ಮ ಕಥೆಗೆ ಒಪ್ಪುವುದು ಬೇರೆ ಬಗೆಯ ತೊಂದರೆ. ಡಿಸ್ಕು ಸಲೀಸಾಗಿ ತಿರುಗುತ್ತದೆ, ಟಕಟಕ ಸದ್ದಿಲ್ಲ. ಕೆಲವು ನಿಮಿಷಗಳ ನಂತರ ಹೆಸರು ಕಾಣಿಸಿಕೊಳ್ಳುತ್ತದೆ, ತೆರೆಯಲು ಹೋದರೆ ಇಡೀ ಕಿಟಕಿ ಸ್ತಬ್ಧವಾಗುತ್ತದೆ. ವಿಂಡೋಸ್ ಇದ್ದರೆ `You need to format the disk in drive E: before you can use it.` ಎಂಬ ಪ್ರಶ್ನೆಯೂ ಬರಬಹುದು. ಕಥೆಯ ಮೊದಲ ಅಪಾಯ ಅಲ್ಲಿದೆ, ಏಕೆಂದರೆ ಆ ಪ್ರಶ್ನೆಯ ಕೆಳಗಿನ ಗುಂಡಿಯನ್ನು ಒತ್ತುವುದು ಬಹಳ ಸುಲಭ. ಮುರಳಿ ಒತ್ತುವುದಿಲ್ಲ, `chkdsk /f` ಕೂಡ ಓಡಿಸುವುದಿಲ್ಲ. ಅದು ಕಡತ ವ್ಯವಸ್ಥೆಯನ್ನು ಸರಿಪಡಿಸುವ ಸಾಧನ, ಆದ್ದರಿಂದ ಸೋಲುತ್ತಿರುವ ಡಿಸ್ಕಿನ ಮೇಲೆಯೇ ಬರೆಯುತ್ತದೆ.

ಅವನು ಲಿನಕ್ಸ್ ಬಲ್ಲವನಾದರೆ `smartctl -a -d sat /dev/sdb` ಎಂದು ಡಿಸ್ಕಿನ ಆರೋಗ್ಯದ ವರದಿಯನ್ನು ಕೇಳುತ್ತಾನೆ. ವರದಿಯ ಮೇಲ್ಭಾಗದಲ್ಲಿ `PASSED` ಎಂದೇ ಇರುವುದು ತೀರ ಸಾಮಾನ್ಯ. ಆದರೆ ಕೆಳಗೆ `Current_Pending_Sector` ಎಂಬ ಸಾಲಿನಲ್ಲಿ, ಸೊನ್ನೆ ಇರಬೇಕಾದ ಕಡೆ, ಸಾವಿರಗಳಲ್ಲಿ ಒಂದು ಸಂಖ್ಯೆ ಇರುತ್ತದೆ. ಡಿಸ್ಕು ತಾನು ಓದಲಾರದೆ ಬಾಕಿ ಇಟ್ಟುಕೊಂಡ ತಾಣಗಳ ಲೆಕ್ಕ ಅದು. ಒಂದೇ ಪರದೆಯ ಮೇಲೆ ಆ ಎರಡು ಸಾಲುಗಳನ್ನು ಓದುವಾಗ ಅವನ ಎದೆ ಹೇಗೆ ಬಡಿದುಕೊಳ್ಳುತ್ತದೆ ಎಂಬುದನ್ನು ನೀವು ಬರೆಯಬಲ್ಲಿರಿ.

ಕಿರಣ್, ಎಸ್.ಪಿ. ರಸ್ತೆ

ನಮ್ಮದು ಕಂಪ್ಯೂಟರ್ ರಿಪೇರಿ ಅಂಗಡಿ. ಇಷ್ಟೆಲ್ಲ ಸುತ್ತಿ ಬಳಸುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಡಿಸ್ಕಿನ ಕೆಳಗೆ ಒಂದು ಹಸಿರು ಬೋರ್ಡ್ ಇರುತ್ತದೆ. ಅದೇ ಮಾದರಿಯ ಇನ್ನೊಂದು ಡಿಸ್ಕ್ ತಂದು ಆ ಬೋರ್ಡನ್ನು ಬದಲಿಸಿದರೆ ಡೇಟಾ ಹಾಗೆಯೇ ಸಿಗುತ್ತದೆ. ನಾವು ಹೀಗೆ ಎಷ್ಟೋ ಡಿಸ್ಕುಗಳನ್ನು ಉಳಿಸಿಕೊಟ್ಟಿದ್ದೇವೆ. ಕಥೆಯಲ್ಲಿ ಮುರಳಿ ಡಿಸ್ಕನ್ನು ಬೆಂಗಳೂರಿಗೆ ತಂದು ನಮ್ಮ ರಸ್ತೆಗೆ ಬರಲಿ, ಕಥೆಗೂ ಊರಿನ ಬಣ್ಣ ಬರುತ್ತದೆ.

ರಾಘವೇಂದ್ರ, ವೈಟ್‌ಫೀಲ್ಡ್

ಕಿರಣ್ ಅವರೇ, ನೀವು ಉಳಿಸಿದ ಡಿಸ್ಕುಗಳ ಬಗ್ಗೆ ನನಗೆ ಸಂಶಯವಿಲ್ಲ. ವಿದ್ಯುತ್ ಏರಿಳಿತದಿಂದ ಬೋರ್ಡ್ ಸುಟ್ಟು, ಮೋಟಾರು ತಿರುಗುವುದೇ ನಿಂತಿದ್ದಾಗ ಆ ಮಾರ್ಗ ನೆರವಾಗುತ್ತದೆ. ಆದರೆ ಈಗಿನ ಡಿಸ್ಕುಗಳಲ್ಲಿ ಪ್ರತಿಯೊಂದು ಡಿಸ್ಕಿನ ತಟ್ಟೆಗಳನ್ನು ಓದುವ ಹೆಡ್‌ಗಳಿಗೆ ಕಾರ್ಖಾನೆಯಲ್ಲಿ ಹೊಂದಿಸಿದ ಮೌಲ್ಯಗಳು ಬೋರ್ಡಿನ ಮೇಲಿನ ಒಂದು ಪುಟ್ಟ ಚಿಪ್ಪಿನಲ್ಲಿರುತ್ತವೆ. ಆ ಚಿಪ್ಪನ್ನೂ ಬಿಡಿಸಿ ಹೊಸ ಬೋರ್ಡಿಗೆ ಬೆಸುಗೆ ಹಾಕದಿದ್ದರೆ ಬದಲಾವಣೆ ಫಲಿಸುವುದು ಅಪರೂಪ. ಪೋರ್ಟಬಲ್ ಡಿಸ್ಕುಗಳಲ್ಲಿ ಇನ್ನೊಂದು ತೊಡಕಿದೆ. ಕೆಲವು ಮಾದರಿಗಳಲ್ಲಿ ಯುಎಸ್‌ಬಿ ಕಿಂಡಿ ಅದೇ ಬೋರ್ಡಿನ ಮೇಲಿರುತ್ತದೆ, ಮತ್ತು ಕೆಲವು ಡಿಸ್ಕುಗಳು ಬಳಕೆದಾರನಿಗೆ ತಿಳಿಯದಂತೆಯೇ ಎಲ್ಲವನ್ನೂ ಗೂಢಲಿಪಿಯಲ್ಲಿ ಬರೆದಿಡುತ್ತವೆ. ಅದಕ್ಕಿಂತ ಮುಖ್ಯವಾಗಿ, ಮುರಳಿಯ ಡಿಸ್ಕು ತಿರುಗುತ್ತಿದೆ, ಹೆಸರನ್ನೂ ಹೇಳುತ್ತಿದೆ. ಹಾಗಾದರೆ ಅದರ ಬೋರ್ಡ್ ಸ್ವಸ್ಥವಾಗಿದೆ ಎಂದೇ ಅರ್ಥ.

ಕಿರಣ್, ಎಸ್.ಪಿ. ರಸ್ತೆ

ಚಿಪ್ಪಿನ ಮಾತು ನಿಜ, ನಾವೂ ಅದನ್ನು ವರ್ಗಾಯಿಸುತ್ತೇವೆ, ನಾನು ಬರೆಯಲಿಲ್ಲ ಅಷ್ಟೆ. ತಿರುಗುತ್ತಿರುವ ಡಿಸ್ಕಿಗೆ ಬೋರ್ಡ್ ಬದಲಿಸಬೇಕಿಲ್ಲ ಎಂಬುದನ್ನು ಒಪ್ಪುತ್ತೇನೆ.

ಪ್ರದೀಪ್, ಜಯನಗರ

ನನ್ನ ಆಕ್ಷೇಪ ತಂತ್ರಜ್ಞಾನದ್ದಲ್ಲ, ಪಾತ್ರದ್ದು. ಹಗಲೆಲ್ಲ ಸರ್ವರುಗಳ ನಡುವೆ ಇರುವವನು, ಒಂದೊಂದು ದತ್ತಾಂಶಕ್ಕೂ ಮೂರು ಪ್ರತಿ ಇರಲೇಬೇಕೆಂದು ಕಚೇರಿಯಲ್ಲಿ ವಾದಿಸುವವನು, ತಾಯಿಯ ವಿಡಿಯೊಗಳನ್ನು ಒಂದೇ ಡಿಸ್ಕಿನಲ್ಲಿ ಇಟ್ಟಿರುತ್ತಾನೆಂದರೆ ಓದುಗ ನಂಬುವುದು ಕಷ್ಟ. ಅವನನ್ನು ಅಧ್ಯಾಪಕನನ್ನಾಗಿಯೋ ಸಂಗೀತಗಾರನನ್ನಾಗಿಯೋ ಮಾಡಿದರೆ ಈ ತೊಡಕು ಇರುವುದಿಲ್ಲ.

ಅನುಪಮಾ, ಮ್ಯೂನಿಕ್ (ತವರು ಮಲ್ಲೇಶ್ವರ)

ಪ್ರದೀಪ್ ಅವರೇ, ನಾನು ಒಪ್ಪಲಾರೆ. ಒಂದೇ ಪ್ರತಿ ಇರಲಿ ಎಂದು ಯಾರೂ ನಿರ್ಧರಿಸುವುದಿಲ್ಲ, ಕ್ರಮೇಣ ಹಾಗಾಗಿಬಿಡುತ್ತದೆ. ಮೊದಲು ವಿಡಿಯೊಗಳು ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಇರುತ್ತವೆ, ಡಿಸ್ಕಿನಲ್ಲಿರುವುದು ನಿಜವಾಗಿಯೇ ಬ್ಯಾಕಪ್. ಫೋನು ತುಂಬುತ್ತದೆ, ಹೇಗೂ ಡಿಸ್ಕಿನಲ್ಲಿದೆಯಲ್ಲ ಎಂದು ಅಲ್ಲಿಂದ ಅಳಿಸುತ್ತೇವೆ. ಹೊಸ ಲ್ಯಾಪ್‌ಟಾಪ್ ಬಂದಾಗ ಅದರ ಜಾಗ ಚಿಕ್ಕದು, ಆದ್ದರಿಂದ ದೊಡ್ಡ ಕಡತಗಳನ್ನು ಅದಕ್ಕೆ ತುಂಬಿಸುವುದಿಲ್ಲ. ಹೀಗೆ ಬ್ಯಾಕಪ್ ಎಂಬ ಹೆಸರಿನ ಡಿಸ್ಕೇ ಮೂಲವಾಗುತ್ತದೆ, ಹೆಸರು ಮಾತ್ರ ಹಳೆಯದೇ ಉಳಿಯುತ್ತದೆ. ಮುರಳಿ ಎಂಜಿನಿಯರೇ ಆಗಿರಲಿ. ಕಚೇರಿಯ ಮೂರು ಪ್ರತಿಗಳನ್ನು ನೋಡಿಕೊಳ್ಳಲು ಒಂದು ತಂಡವಿರುತ್ತದೆ, ಮನೆಯ ಡಿಸ್ಕಿಗೆ ಯಾರಿದ್ದಾರೆ?

ಇಲ್ಲಿ ವಾಸಿಸುವವಳಾಗಿ ಇನ್ನೊಂದು ವಿಷಯ ಹೇಳುತ್ತೇನೆ. ಶನಿವಾರ ರಾತ್ರಿ ಡಿಸ್ಕು ಕೈಕೊಟ್ಟರೆ ಭಾನುವಾರ ಹೊಸ ಡಿಸ್ಕು ಕೊಳ್ಳಲು ಸಾಧ್ಯವಿಲ್ಲ, ಏಕೆಂದರೆ ಜರ್ಮನಿಯಲ್ಲಿ ಅಂದು ಎಲೆಕ್ಟ್ರಾನಿಕ್ಸ್ ಅಂಗಡಿಗಳು ಮುಚ್ಚಿರುತ್ತವೆ. ಆ ಇಡೀ ದಿನ ಅವನು ಏನು ಮಾಡುತ್ತಾನೆ ಎಂಬುದು ನಿಮ್ಮ ಕಥೆಗೆ ಸಿಕ್ಕಿದ ಅವಕಾಶವೆಂದು ನನಗೆ ತೋರುತ್ತದೆ.

ರಾಘವೇಂದ್ರ, ವೈಟ್‌ಫೀಲ್ಡ್

ಅನುಪಮಾ ಅವರ ಭಾನುವಾರ ತಾಂತ್ರಿಕವಾಗಿಯೂ ಸರಿಯಾಗಿ ಕೂಡುತ್ತದೆ. ಮುರಳಿಗೆ ಬೇಕಾದದ್ದು ಡಿಸ್ಕಿನ ಪೂರ್ತಿ ಪ್ರತಿ. 2 ಟಿಬಿಯ ಪ್ರತಿಗೆ ಅಷ್ಟಕ್ಕಿಂತ ದೊಡ್ಡ ಖಾಲಿ ಜಾಗ ಬೇಕು, ಲ್ಯಾಪ್‌ಟಾಪಿನಲ್ಲಿ ಅದು ಇರುವುದಿಲ್ಲ. ಆದ್ದರಿಂದ ಆ ದಿನ ಅವನು ಮಾಡಬೇಕಾದ ಸರಿಯಾದ ಕೆಲಸವೆಂದರೆ ಡಿಸ್ಕನ್ನು ಕಳಚಿ ಮೇಜಿನ ಮೇಲಿಟ್ಟು ಮುಟ್ಟದಿರುವುದು. ಸೋಲುತ್ತಿರುವ ಹೆಡ್ ಉಳ್ಳ ಡಿಸ್ಕು ಚಾಲನೆಯಲ್ಲಿರುವ ಪ್ರತಿ ಗಂಟೆಯೂ ಉಳಿದ ಆಯುಷ್ಯದಿಂದ ಖರ್ಚಾಗುತ್ತದೆ, ಒಮ್ಮೆ ತೆರೆದು ನೋಡೋಣವೆಂಬ ಪ್ರತಿಯೊಂದು ಪ್ರಯತ್ನವೂ ಅದೇ ಖರ್ಚಿಗೆ ಸೇರುತ್ತದೆ.

ಸೋಮವಾರ ಅವನು 4 ಟಿಬಿಯ ಡಿಸ್ಕು ತಂದು, `ddrescue` ಎಂಬ ಉಪಕರಣದಿಂದ ಕೆಲಸ ಆರಂಭಿಸುತ್ತಾನೆ.

```
ddrescue -n /dev/sdb amma.img amma.map
ddrescue -d -r1 /dev/sdb amma.img amma.map
```

ಕಡತಗಳನ್ನು ಒಂದೊಂದಾಗಿ ಎಳೆಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಸಾಮಾನ್ಯ ನಕಲು ಮೊದಲ ಕೆಟ್ಟ ತಾಣದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಡಿಸ್ಕು ಅದನ್ನು ಮತ್ತೆ ಮತ್ತೆ ಓದಲು ಹೆಣಗುತ್ತದೆ, ಲಿನಕ್ಸ್ ಒಂದು ಆಜ್ಞೆಗೆ ರೂಢಿಯಂತೆ 30 ಸೆಕೆಂಡ್ ಕಾಯುತ್ತದೆ, ಹೀಗೆ ಹೊತ್ತೂ ಹೋಗುತ್ತದೆ, ಡಿಸ್ಕೂ ಸವೆಯುತ್ತದೆ. ಮೇಲಿನ ಮೊದಲ ಸಾಲು ಓದಲು ಕಷ್ಟವಾದ ಕಡೆ ನಿಲ್ಲದೆ ಜಿಗಿದು ಮುಂದೆ ಹೋಗಿ, ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ತಂದಿಡುತ್ತದೆ. ಎಲ್ಲಿ ಜಿಗಿಯಿತು ಎಂಬುದನ್ನು `amma.map` ಕಡತದಲ್ಲಿ ಬರೆದುಕೊಳ್ಳುತ್ತದೆ. ಎರಡನೆಯ ಸಾಲು ಆ ಪಟ್ಟಿಯನ್ನು ಹಿಡಿದು, ಬಿಟ್ಟುಹೋದ ಕಡೆಗಳಿಗೆ ಮಾತ್ರ ಮರಳುತ್ತದೆ. ಆ ಪಟ್ಟಿ ಇರುವುದರಿಂದಲೇ ಕೆಲಸವನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ಅಲ್ಲಿಂದಲೇ ಮುಂದುವರಿಸಬಹುದು.

ಸ್ವಸ್ಥ ಡಿಸ್ಕು ಸೆಕೆಂಡಿಗೆ 100 ಮೆಗಾಬೈಟ್ ಓದಿದರೆ 2 ಟಿಬಿಗೆ ಐದೂವರೆ ಗಂಟೆ ಸಾಕು. ಇಲ್ಲಿ ಅದು ದಿನಗಟ್ಟಲೆ ಹಿಡಿಯುತ್ತದೆ. ನಡುವೆ ಒಮ್ಮೆ ಡಿಸ್ಕು ಕಣ್ಮರೆಯಾಗುವುದನ್ನು ಕಥೆಯಲ್ಲಿ ತನ್ನಿ. ಕಳಚಿ ಜೋಡಿಸಿದರೆ ಅದು `/dev/sdb` ಬದಲು `/dev/sdc` ಎಂದು ಬರಬಹುದು. ದಣಿದವನು ಆ ಅಕ್ಷರವನ್ನು ಗಮನಿಸದೆ ಹಳೆಯ ಆಜ್ಞೆಯನ್ನೇ ಒತ್ತಿದರೆ ಬೇರೆ ಡಿಸ್ಕಿನ ವಿಷಯ ಅಮ್ಮನ ಪ್ರತಿಯೊಳಗೆ ಬೆರೆಯುತ್ತದೆ. ಮುರಳಿ ಪ್ರತಿಸಲವೂ ಜೋಡಿಸಿದ ಡಿಸ್ಕುಗಳ ಪಟ್ಟಿ ತೋರಿಸುವ `lsblk` ನೋಡಿಯೇ ಮುಂದುವರಿಯುತ್ತಾನೆ.

ವಸುಧಾ, ಬಸವನಗುಡಿ

ರಾಘವೇಂದ್ರ ಅವರೇ, ಭಾನುವಾರದ ಭಾಗವನ್ನು ಬರೆಯಲು ಆರಂಭಿಸಿದ್ದೇನೆ. ಈಗ ನನಗೆ ಬಹಳ ಮುಖ್ಯವಾದ ಪ್ರಶ್ನೆ. ಪ್ರತಿ ಮುಗಿದು ಮುಕ್ಕಾಲು ಪಾಲು ಬಂತು ಎಂದುಕೊಳ್ಳೋಣ. ಹಾಗೆಂದರೆ ನಾಲ್ಕು ವಿಡಿಯೊಗಳಲ್ಲಿ ಮೂರು ಪೂರ್ತಿಯಾಗಿ ಸಿಕ್ಕಿ ಒಂದು ಹೋಗುತ್ತದೆಯೆ?

ರಾಘವೇಂದ್ರ, ವೈಟ್‌ಫೀಲ್ಡ್

ಹಾಗಾಗುವುದಿಲ್ಲ. ನಿಮ್ಮ ಕಥೆ ನಿಂತಿರುವುದೇ ಈ ವಿಷಯದ ಮೇಲೆ ಎಂದು ನನಗನ್ನಿಸುತ್ತದೆ, ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ.

ಮುರಳಿಯ ಡಿಸ್ಕಿನೊಳಗೆ ಎರಡು ತಟ್ಟೆಗಳಿವೆ, ಪ್ರತಿ ತಟ್ಟೆಯ ಎರಡೂ ಮುಖಗಳಲ್ಲಿ ಬರಹವಿದೆ, ಒಂದೊಂದು ಮುಖಕ್ಕೆ ಒಂದರಂತೆ ನಾಲ್ಕು ಹೆಡ್‌ಗಳಿವೆ ಎಂದಿಟ್ಟುಕೊಳ್ಳಿ. ಡಿಸ್ಕು ಒಂದು ಮುಖವನ್ನು ಪೂರ್ತಿ ತುಂಬಿಸಿ ಇನ್ನೊಂದಕ್ಕೆ ಹೋಗುವುದಿಲ್ಲ. ಒಂದು ಮುಖದಲ್ಲಿ ಸ್ವಲ್ಪ ಬರೆದು ಮುಂದಿನ ಮುಖಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ ಸರಿಯುತ್ತ, ಸರದಿ ಮುಗಿದ ಮೇಲೆ ಮೊದಲಿನದಕ್ಕೆ ಮರಳುತ್ತದೆ. ಪಂಕ್ತಿಯಲ್ಲಿ ನಾಲ್ಕು ಎಲೆಗಳಿಗೆ ಒಂದೊಂದು ಸೌಟಿನಂತೆ ಬಡಿಸುತ್ತ ಹೋದ ಹಾಗೆ. ಆ ಒಂದು ಸೌಟಿನ ಅಳತೆ ಮಾದರಿಯಿಂದ ಮಾದರಿಗೆ ಬೇರೆ. ಲೆಕ್ಕಕ್ಕಾಗಿ 100 ಮೆಗಾಬೈಟ್ ಎಂದುಕೊಳ್ಳೋಣ. ನಾಲ್ಕು ಹೆಡ್‌ಗಳಲ್ಲಿ ಒಂದು ಸೋತರೆ, ಡಿಸ್ಕಿನ ಉದ್ದಕ್ಕೂ ಪ್ರತಿ 400 ಮೆಗಾಬೈಟಿಗೆ 100ರಂತೆ ಪಟ್ಟೆಪಟ್ಟೆಯಾಗಿ ಕಳೆದುಹೋಗುತ್ತದೆ.

ಈಗ ಇದನ್ನು ವಿಡಿಯೊಗಳ ಮೇಲೆ ಇಟ್ಟು ನೋಡಿ. ಆ ಕಾಲದ ಫೋನಿನ ಫುಲ್ ಎಚ್‌ಡಿ ವಿಡಿಯೊ ನಿಮಿಷಕ್ಕೆ ಸುಮಾರು 130 ಮೆಗಾಬೈಟ್ ಆಗುತ್ತದೆ. ತಂದೆಯ ಷಷ್ಟಿಪೂರ್ತಿಯ ಅರ್ಧ ಗಂಟೆಯೆಂದರೆ 3,900 ಮೆಗಾಬೈಟ್, ಅಂದರೆ ಅದು ಸುಮಾರು ಹತ್ತು ಸರದಿಗಳನ್ನು ದಾಟುತ್ತದೆ. ಆದ್ದರಿಂದ ಅದು ಪೂರ್ತಿ ಉಳಿಯುವ ಸಾಧ್ಯತೆಯೇ ಇಲ್ಲ. ಪ್ರತಿ ಮೂರು ನಿಮಿಷಕ್ಕೊಮ್ಮೆ ಮುಕ್ಕಾಲು ನಿಮಿಷದಷ್ಟು ಖಾಲಿ ಬರುತ್ತದೆ. ಆ ಜಾಗದಲ್ಲಿ ಚಿತ್ರ ಹೆಪ್ಪುಗಟ್ಟುತ್ತದೆ ಅಥವಾ ಚೌಕಚೌಕವಾಗಿ ಒಡೆಯುತ್ತದೆ, ಸದ್ದು ಇರುವುದಿಲ್ಲ, ಮತ್ತೆ ಒಮ್ಮೆಲೇ ಮಂತ್ರಘೋಷ ಕೇಳಿಸುತ್ತದೆ. ತಾಯಿಯ 40 ಸೆಕೆಂಡಿನ ತುಣುಕು 87 ಮೆಗಾಬೈಟ್. ಅಂಥವುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಯಾವ ಕಲೆಯೂ ಇಲ್ಲದೆ ಉಳಿಯುತ್ತವೆ. 3 ಮೆಗಾಬೈಟಿನ ಫೋಟೊಗಳಲ್ಲಿ ನಾಲ್ಕಕ್ಕೆ ಸುಮಾರು ಮೂರು ಉಳಿಯುತ್ತವೆ. ಪ್ರತಿ ಕಡತವೂ ಡಿಸ್ಕಿನಲ್ಲಿ ತುಂಡಾಗದೆ ಒಂದೇ ಕಡೆ ಇದೆ ಎಂಬ ಊಹೆಯ ಮೇಲೆ ಈ ಲೆಕ್ಕ ನಿಂತಿದೆ. ಹೆಡ್ ಪೂರ್ತಿ ಸತ್ತಿರದೆ ನಿಶ್ಶಕ್ತವಾಗಿದ್ದರೆ ಖಾಲಿಗಳು ಇನ್ನೂ ಚಿಕ್ಕದಾಗುತ್ತವೆ.

ಅಂದರೆ ಸ್ಟ್ಯಾಂಡಿನ ಮೇಲೆ ಫೋನಿಟ್ಟು ಶ್ರದ್ಧೆಯಿಂದ ತೆಗೆದ ದೀರ್ಘ ಚಿತ್ರೀಕರಣಕ್ಕೆ ಹೆಚ್ಚು ಪೆಟ್ಟು ಬೀಳುತ್ತದೆ. ಯಾರೋ ಸುಮ್ಮನೆ ಅಡುಗೆಮನೆಯ ಬಾಗಿಲಲ್ಲಿ ನಿಂತು ತೆಗೆದ ಚಿಕ್ಕ ತುಣುಕುಗಳು ಹೆಚ್ಚಾಗಿ ಮರಳಿ ಬರುತ್ತವೆ.

ಪ್ರದೀಪ್, ಜಯನಗರ

ನನ್ನ ಆಕ್ಷೇಪವನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ಒಂದು ಅನುಮಾನವಿದೆ. ಉಳಿದದ್ದು ಯಾವುದು, ಹೋದದ್ದು ಯಾವುದು ಎಂದು ತಿಳಿಯಲು ಅವನು ಸಾವಿರಾರು ವಿಡಿಯೊಗಳನ್ನು ಕುಳಿತು ನೋಡಬೇಕೆ?

ರಾಘವೇಂದ್ರ, ವೈಟ್‌ಫೀಲ್ಡ್

ಬೇಕಿಲ್ಲ. ಕಡತಗಳ ಹೆಸರು, ಗಾತ್ರ, ದಿನಾಂಕ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ ಪಟ್ಟಿಯನ್ನು ನೋಡಿದರೆ ಏನೂ ತಿಳಿಯುವುದಿಲ್ಲ ಎಂಬುದು ನಿಜ. ಓದಲಾಗದ ಕಡೆಗಳು ಪ್ರತಿಯಲ್ಲಿ ಸೊನ್ನೆಗಳಾಗಿ ಉಳಿದಿರುತ್ತವೆ. ಮುರಳಿ ಪ್ರತಿಯನ್ನೂ `amma.map` ಪಟ್ಟಿಯನ್ನೂ `copy.img`, `copy.map` ಎಂದು ಇನ್ನೊಮ್ಮೆ ನಕಲು ಮಾಡಿಕೊಂಡು, ಆ ನಕಲಿನ ಖಾಲಿ ಜಾಗಗಳಲ್ಲಿ ಒಂದು ಗುರುತಿನ ಪದವನ್ನು ತುಂಬಿಸುತ್ತಾನೆ.

```
printf "BAD-SECTOR " > guruthu.txt
ddrescue --fill-mode='?*/-' guruthu.txt copy.img copy.map
```

ನಂತರ ಆ ನಕಲನ್ನು ಓದಲು ಮಾತ್ರ ಸಾಧ್ಯವಾಗುವಂತೆ ತೆರೆದು, `grep -rl "BAD-SECTOR"` ಎಂದು ಹುಡುಕಿದರೆ ಪೆಟ್ಟುಬಿದ್ದ ಕಡತಗಳ ಹೆಸರುಗಳೆಲ್ಲ ಸಾಲಾಗಿ ಬರುತ್ತವೆ. ಆ ಪಟ್ಟಿ ಪರದೆಯ ಮೇಲೆ ಇಳಿಯುವ ಹೊತ್ತನ್ನು ಕಥೆಯಲ್ಲಿ ಆತುರಪಡದೆ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ಶಾಹಿನಾ, ಕೋರಮಂಗಲ

ನಾನು ಡೇಟಾ ಮರುಪಡೆಯುವ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡಿದವಳು. ರಾಘವೇಂದ್ರ ಸರ್ ಬರೆದ ಪಟ್ಟೆಗಳ ವಿವರ ಸರಿಯಾಗಿದೆ. ಆದರೆ ಸೋಮವಾರದ ನಿರ್ಧಾರದ ಬಗ್ಗೆ ನನಗೆ ಭಿನ್ನಾಭಿಪ್ರಾಯವಿದೆ. `ddrescue`ಗೆ ಯಾವ ತಾಣ ಯಾವ ಹೆಡ್‌ಗೆ ಸೇರಿದ್ದು ಎಂಬುದು ಗೊತ್ತಿಲ್ಲ. ಅದು ಜಿಗಿಯುತ್ತ ಹೋದರೂ, ಪ್ರತಿ ಸರದಿಯಲ್ಲೂ ಸೋತ ಹೆಡ್‌ನಿಂದ ಒಮ್ಮೆಯಾದರೂ ಓದಲು ಪ್ರಯತ್ನಿಸಿಯೇ ತೀರುತ್ತದೆ. ಪ್ರಯೋಗಾಲಯದ ಯಂತ್ರಗಳಲ್ಲಿ ಆ ಹೆಡ್‌ಗೆ ಸೇರಿದ ಭಾಗವನ್ನು ಪೂರ್ತಿ ಬದಿಗಿಟ್ಟು, ಮೊದಲು ಉಳಿದ ಮೂರರಿಂದ ಎಲ್ಲವನ್ನೂ ತೆಗೆದುಕೊಳ್ಳುತ್ತೇವೆ. ಅನಂತರವೇ ಸೋತದ್ದರ ಕಡೆ ಗಮನ. ಅದೂ ಆಗದಿದ್ದರೆ ಧೂಳಿಲ್ಲದ ಆವರಣದಲ್ಲಿ ತೆರೆದು, ಹೊಂದುವ ಇನ್ನೊಂದು ಡಿಸ್ಕಿನ ಹೆಡ್‌ಗಳನ್ನು ಹಾಕಿ ಓದುತ್ತೇವೆ. ನಿಶ್ಶಕ್ತವಾದ ಹೆಡ್ ಓಟದ ನಡುವೆ ಮುರಿದು ತಟ್ಟೆಯನ್ನು ಗೀರಿದರೆ, ಗೀರಿದ ಮುಖವನ್ನು ಯಾವ ಪ್ರಯೋಗಾಲಯವೂ ಮರಳಿ ತರಲಾರದು. ತಾಯಿಯ ಒಂದೇ ಪ್ರತಿ ಎಂದಾದರೆ ನಾನು ಮುರಳಿಗೆ ಆ ಆಜ್ಞೆಯನ್ನು ಟೈಪ್ ಮಾಡಲು ಬಿಡುತ್ತಿರಲಿಲ್ಲ.

ರಾಘವೇಂದ್ರ, ವೈಟ್‌ಫೀಲ್ಡ್

ಟಕಟಕ ಸದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಸದ್ದಿಲ್ಲದೆ, ಸರಾಗವಾಗಿ ತಿರುಗುತ್ತ, ನಿಧಾನವಾಗಿಯಾದರೂ ಓದುತ್ತಿರುವ ಡಿಸ್ಕಿಗೆ ಒಂದು ಓಟ ಕೊಡುವುದು ನ್ಯಾಯವೆಂದೇ ನನ್ನ ಅನುಭವ. ಪ್ರಯೋಗಾಲಯದ ವೆಚ್ಚವನ್ನು ಎಲ್ಲರೂ ಭರಿಸಲಾರರು.

ಶಾಹಿನಾ, ಕೋರಮಂಗಲ

ವೆಚ್ಚದ ಮಾತನ್ನು ಒಪ್ಪುತ್ತೇನೆ. ಆದರೆ ಸದ್ದಿಲ್ಲದಿರುವುದು ಸುರಕ್ಷಿತವೆಂಬ ಮಾತನ್ನು ಒಪ್ಪಲಾರೆ. ಮೊದಲ ದಿನ ಸದ್ದಿಲ್ಲದೆ ಬಂದು ಎರಡನೆಯ ದಿನ ಸದ್ದು ಮಾಡಿದ ಡಿಸ್ಕುಗಳನ್ನು ನಾನು ನೋಡಿದ್ದೇನೆ. ವಸುಧಾ ಅವರೇ, ಇದನ್ನು ನೀವು ಕಥೆಯಲ್ಲಿ ತೀರ್ಮಾನ ಮಾಡಬೇಕಿಲ್ಲ. ಮುರಳಿ ಮತ್ತು ಅವನ ಸಹೋದ್ಯೋಗಿಯೊಬ್ಬಳು ಹೀಗೆಯೇ ವಾದಿಸಲಿ.

ಮತ್ತೊಂದು ವಿಷಯವನ್ನು ಸೇರಿಸುತ್ತೇನೆ. ಫೋನಿನ ಎಂಪಿ4 ವಿಡಿಯೊದಲ್ಲಿ, ಯಾವ ಚಿತ್ರ ಎಲ್ಲಿದೆ, ಸದ್ದು ಎಲ್ಲಿದೆ ಎಂದು ಹೇಳುವ ಸೂಚಿಯೊಂದಿರುತ್ತದೆ. ಚಿತ್ರೀಕರಣ ನಿಲ್ಲಿಸಿದ ಮೇಲೆಯೇ ಫೋನು ಅದನ್ನು ಬರೆಯುವುದರಿಂದ ಅದು ಸಾಮಾನ್ಯವಾಗಿ ಕಡತದ ಕೊನೆಯಲ್ಲಿರುತ್ತದೆ. ಖಾಲಿ ಪಟ್ಟೆ ಆ ಕೊನೆಯ ತುದಿಯ ಮೇಲೆ ಬಿದ್ದರೆ, ವಿಡಿಯೊದ ಬಹುಭಾಗ ಕ್ಷೇಮವಾಗಿದ್ದರೂ ಕಡತ ತೆರೆಯುವುದೇ ಇಲ್ಲ. `untrunc` ಎಂಬ ಉಪಕರಣ ಆ ಸೂಚಿಯನ್ನು ಹೊಸದಾಗಿ ಕಟ್ಟಬಲ್ಲದು. ಆದರೆ ಅದಕ್ಕೆ ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಸ್ವಸ್ಥ ವಿಡಿಯೊವೊಂದು ಮಾದರಿಯಾಗಿ ಬೇಕು.

ವಸುಧಾ, ಬಸವನಗುಡಿ

ಶಾಹಿನಾ ಅವರೇ, ಅದೇ ಫೋನು ಬೇಕೆಂದರೆ ಅದು ಬಸವನಗುಡಿಯ ಮನೆಯಲ್ಲಿ, ಅಕ್ಕನ ಕಪಾಟಿನಲ್ಲಿ ಇರಬಹುದಲ್ಲವೆ? ಅಕ್ಕ ಅದನ್ನು ಹುಡುಕಿ ಇಂದು ಹೊಸ ವಿಡಿಯೊ ತೆಗೆದು ಕಳುಹಿಸಿದರೆ ಸಾಕೆ? ಅದರಲ್ಲಿ ಯಾರಿದ್ದಾರೆ, ಏನಿದೆ ಎಂಬುದು ಮುಖ್ಯವಲ್ಲವೆ?

ಶಾಹಿನಾ, ಕೋರಮಂಗಲ

ಮುಖ್ಯವಲ್ಲ, ಖಾಲಿ ಗೋಡೆಯಾದರೂ ಆಗುತ್ತದೆ. ಆದರೆ ವಿಡಿಯೊದ ಗುಣಮಟ್ಟದ ಆಯ್ಕೆ ಅಂದಿನದೇ ಆಗಿರಬೇಕು. ಹಳೆಯ ಬ್ಯಾಟರಿ ಉಬ್ಬಿದ್ದರೆ ಅದನ್ನು ಚಾರ್ಜಿಗೆ ಹಾಕುವುದು ಅಪಾಯ, ಮೊದಲು ಬ್ಯಾಟರಿ ಬದಲಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ವಿಡಿಯೊವನ್ನು ವಾಟ್ಸಾಪ್‌ನಲ್ಲಿ ಎಂದಿನಂತೆ ವಿಡಿಯೊ ಎಂದು ಕಳುಹಿಸಿದರೆ ಅದು ಹೊಸದಾಗಿ ಸಂಕುಚಿತಗೊಂಡು ಬೇರೆಯೇ ಕಡತವಾಗುತ್ತದೆ, ಮಾದರಿಯಾಗಿ ಪ್ರಯೋಜನಕ್ಕೆ ಬರುವುದಿಲ್ಲ. ಡಾಕ್ಯುಮೆಂಟ್ ಎಂದು ಆಯ್ದು ಕಳುಹಿಸಬೇಕು. ಅಕ್ಕ ಮೊದಲು ಎಂದಿನಂತೆ ಕಳುಹಿಸಿ, ಅದು ಕೆಲಸ ಮಾಡದೆ, ಮತ್ತೊಮ್ಮೆ ತೆಗೆಯಬೇಕಾಗಿ ಬರುವುದು ಸಹಜವಾದ ಘಟನೆಯೇ.

ಕಿರಣ್, ಎಸ್.ಪಿ. ರಸ್ತೆ

2014ರ ಫೋನಿಗೆ ಬ್ಯಾಟರಿ ಬೇಕಾದರೆ ಅಕ್ಕ ನಮ್ಮ ರಸ್ತೆಗೇ ಬರಲಿ. ಇದನ್ನು ವಿನಂತಿಯೆಂದೇ ತಿಳಿಯಿರಿ. ಆದರೆ ನನಗೊಂದು ಅನುಮಾನ. ನಡುವೆ ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಆಗಿದ್ದರೆ ಅದರ ವಿಡಿಯೊ ಬರೆಯುವ ಕ್ರಮವೂ ಬದಲಾಗಿರಬಹುದಲ್ಲ?

ಶಾಹಿನಾ, ಕೋರಮಂಗಲ

ಆಗಿರಬಹುದು. ಕೆಲವೊಮ್ಮೆ ಸರಿಹೊಂದುತ್ತದೆ, ಕೆಲವೊಮ್ಮೆ ಚಿತ್ರ ಬಂದು ಸದ್ದು ಬೇರೆಯಾಗಿ ಓಡುತ್ತದೆ. ಪ್ರಯತ್ನಿಸದೆ ಹೇಳಲಾಗುವುದಿಲ್ಲ. ಅಪ್‌ಡೇಟಿಗಿಂತ ಮೊದಲಿನ, ಪೆಟ್ಟುಬೀಳದೆ ಉಳಿದ ತುಣುಕೊಂದು ಅದೇ ಡಿಸ್ಕಿನ ಪ್ರತಿಯಲ್ಲಿ ಸಿಕ್ಕರೆ ಅದೇ ಮೇಲಾದ ಮಾದರಿ, ಅಕ್ಕ ಹೊಸದಾಗಿ ತೆಗೆಯುವ ಅಗತ್ಯವೇ ಇರುವುದಿಲ್ಲ.

ಅನುಪಮಾ, ಮ್ಯೂನಿಕ್ (ತವರು ಮಲ್ಲೇಶ್ವರ)

ಹಾಗಾದರೆ ಕಥೆಯಿಂದ ಅಕ್ಕನ ಪಾತ್ರವೇ ಬಿದ್ದುಹೋಗುತ್ತದೆ. ವಸುಧಾ ಅವರೇ, ಸೀಮಂತದ ವಿಡಿಯೊವನ್ನು ತೆಗೆದದ್ದು ಅಕ್ಕನ ಫೋನಿನಿಂದ ಎಂದು ಮಾಡಿ. ಆ ಫೋನಿನ ಬೇರೆ ಯಾವ ವಿಡಿಯೊವೂ ಡಿಸ್ಕಿನಲ್ಲಿ ಇಲ್ಲದಿರಲಿ. ಆಗ ಅವಳ ನೆರವು ಅನಿವಾರ್ಯವಾಗುತ್ತದೆ.

ನಾಗರಾಜರಾವ್, ರಾಜಾಜಿನಗರ

ಕಥೆಯೆಂದು ಈಗ ಸ್ಪಷ್ಟವಾಯಿತು. ನನ್ನದೊಂದು ಪ್ರಶ್ನೆ. ಮಗ ಕೊಟ್ಟ ಡಿಸ್ಕು ಈಗಲೂ ಒಂದೇ ಇದೆ. ಇನ್ನೊಂದು ಕೊಂಡು ನಕಲು ಮಾಡಿಸಿದರೆ, ಎರಡನ್ನೂ ಒಂದೇ ಬೀರುವಿನಲ್ಲಿ ಇಡಬಹುದೆ?

ಶಾಹಿನಾ, ಕೋರಮಂಗಲ

ರಾಯರೇ, ಒಂದನ್ನು ಬೇರೆ ಮನೆಯಲ್ಲಿಡಿ, ಮಗ ಬಂದಾಗ ಅವನ ಕೈಗೆ ಕೊಟ್ಟರೂ ಆದೀತು. ನಕಲು ಮುಗಿದ ಮೇಲೆ ಹೊಸ ಡಿಸ್ಕಿನಿಂದಲೇ ಕೆಲವು ದೊಡ್ಡ ವಿಡಿಯೊಗಳನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡಿ. ವರ್ಷಕ್ಕೆ ಒಂದೆರಡು ಸಲ ಎರಡನ್ನೂ ಜೋಡಿಸಿ ನೋಡುತ್ತಿರಿ.

ವಸುಧಾ, ಬಸವನಗುಡಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಅನುಪಮಾ ಅವರ ಸಲಹೆಯಂತೆ ಸೀಮಂತ ಅಕ್ಕನ ಫೋನಿನದಾಗುತ್ತದೆ. ಷಷ್ಟಿಪೂರ್ತಿ ರಾಘವೇಂದ್ರ ಅವರ ಲೆಕ್ಕದಂತೆ ಹತ್ತು ಕಡೆ ಹರಿದಿರುತ್ತದೆ. ಪ್ರಯೋಗಾಲಯದ ವಾದವನ್ನು ಸಹೋದ್ಯೋಗಿಯ ಬಾಯಲ್ಲಿ ಇಡುತ್ತೇನೆ, ಮುರಳಿ ಅವಳ ಮಾತನ್ನು ಕೇಳದೆ ಆಜ್ಞೆಯನ್ನು ಓಡಿಸುತ್ತಾನೆ. ಉಳಿದಿರುವ ಪ್ರಶ್ನೆ ಒಂದೇ. ತನ್ನ ಓಟ ಮುಗಿದ ಮೇಲೂ, ಷಷ್ಟಿಪೂರ್ತಿಯ ಹರಿದ ಭಾಗಗಳಿಗಾಗಿ ಅವನು ಡಿಸ್ಕನ್ನು ಪ್ರಯೋಗಾಲಯಕ್ಕೆ ಒಯ್ಯಬಹುದೆ, ಅಥವಾ ಆ ದಾರಿ ಆಗಲೇ ಮುಚ್ಚಿರುತ್ತದೆಯೆ?

ಶಾಹಿನಾ, ಕೋರಮಂಗಲ

ತಟ್ಟೆ ಗೀರಿರದಿದ್ದರೆ ದಾರಿ ತೆರೆದೇ ಇರುತ್ತದೆ. ಡಿಸ್ಕಿನ ಜೊತೆಗೆ `amma.img` ಮತ್ತು `amma.map` ಎರಡನ್ನೂ ಅವನು ಒಯ್ಯಲಿ, ಏನೇನು ಮಾಡಿದ ಎಂಬುದನ್ನು ಮುಚ್ಚಿಡದೆ ಬರೆದುಕೊಡಲಿ. ಏನು ಆಗಲೇ ಬಂದಿದೆ ಎಂದು ತಿಳಿದಿದ್ದರೆ ಬಾಕಿ ಉಳಿದ ಪಟ್ಟೆಗಳಿಗೆ ಮಾತ್ರ ಡಿಸ್ಕನ್ನು ಓಡಿಸಿದರೆ ಸಾಕು. ಷಷ್ಟಿಪೂರ್ತಿಯ ಕಡತ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಅವನು ಗುರುತಿಸಿಕೊಟ್ಟರೆ, ಮೊದಲು ಆ ಹತ್ತು ಖಾಲಿಗಳಿಂದಲೇ ಆರಂಭಿಸುವಂತೆ ಕೇಳಬಹುದು. ಎಲ್ಲವೂ ತುಂಬುತ್ತದೆಂದು ಯಾರೂ ಮಾತು ಕೊಡಲಾರರು.